‘ವಿಶ್ವದರ್ಜೆ’ ತೆಗೆದು ‘120 ಗ್ರಾಂ’ ಬರೆದ ಕಾಫಿ ಪುಡಿ ಅಂಗಡಿ: ಒಂದು ಪ್ರಕರಣ ಅಧ್ಯಯನ

ಹಳೇ ಮೈಸೂರು ಭಾಗದ ಒಂದು ಜಿಲ್ಲಾ ಕೇಂದ್ರದಲ್ಲಿರುವ ಕಾಫಿ ಪುಡಿ ಅಂಗಡಿಯ ಜಾಹೀರಾತನ್ನು ಮರಳಿ ಬರೆದ ಕತೆ ಇದು. ಬರೆಯುವ ಕೆಲಸ ನನ್ನದಾಗಿತ್ತು. ಅಂಗಡಿಯ ಗುರುತು ಸಿಗಬಾರದೆಂದು ಊರು, ಹೆಸರು ಮತ್ತು ಒಂದೆರಡು ಅಳತೆಗಳನ್ನು ಬದಲಿಸಿದ್ದೇನೆ. ಯಾವ ಮಾತನ್ನು ಯಾಕೆ ಇಟ್ಟುಕೊಂಡೆವು, ಯಾವುದನ್ನು ಯಾಕೆ ಬಿಟ್ಟೆವು ಅನ್ನುವುದು ಮಾತ್ರ ನಡೆದ ಹಾಗೆಯೇ ಇದೆ.

ಹಿನ್ನೆಲೆ

ಮಾರುಕಟ್ಟೆ ರಸ್ತೆಯ ತಿರುವಿನಲ್ಲಿ ಹದಿನೈದು ಅಡಿ ಅಗಲದ ಅಂಗಡಿ. ಹಿಂದುಗಡೆ ಹುರಿಯುವ ಡ್ರಮ್, ಮುಂದುಗಡೆ ಎರಡು ಗ್ರೈಂಡರ್, ಗಲ್ಲಾ ಪಕ್ಕ ತಕ್ಕಡಿ. ಗ್ರಾಹಕರು ಬಂದು “ಅರ್ಧ ಕೆಜಿ, ಅರವತ್ತು–ನಲವತ್ತು” ಅಂದರೆ ಕಾಫಿ ಪುಡಿ, ಚಿಕೋರಿ ಎರಡನ್ನೂ ತೂಗಿ, ಬೆರೆಸಿ, ಕವರಿಗೆ ಹಾಕಿ ಶಾಖ ಕೊಟ್ಟು ಮುಚ್ಚಿ ಕೊಡುತ್ತಾರೆ. ಊರಿನ ಕಿರಾಣಿ ಅಂಗಡಿಗಳಿಗೆ ಹೋಗುವ ಸಿದ್ಧ ಪೊಟ್ಟಣಗಳೂ ಇವೆ. ಅಂಗಡಿ ಈಗಿನ ಯಜಮಾನರ ತಂದೆಯ ಕಾಲದ್ದು. ಹುರಿಯುವವರು ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ.

ಅದೇ ರಸ್ತೆಯಲ್ಲಿ ಇನ್ನೊಂದು ಕಾಫಿ ಪುಡಿ ಅಂಗಡಿ ತೆರೆಯಿತು. ಯಜಮಾನರು ದಿನಪತ್ರಿಕೆಯ ಜಿಲ್ಲಾ ಪುಟಕ್ಕೆ ಒಂದು ಜಾಹೀರಾತು, ಮನೆಮನೆಗೆ ಹಂಚಲು ಒಂದು ಕರಪತ್ರ ಮಾಡಿಸಬೇಕೆಂದು ನನ್ನನ್ನು ಕರೆದರು. ಹಳೆಯ ಕರಪತ್ರವನ್ನು ಮುಂದಿಟ್ಟು “ಇದನ್ನೇ ಸ್ವಲ್ಪ ಜೋರಾಗಿ ಬರ್ಕೊಡಿ ಸಾರ್” ಅಂದರು. ಅದರಲ್ಲಿ ಹೀಗಿತ್ತು:

“ವಿಶ್ವದರ್ಜೆಯ ಗುಣಮಟ್ಟ! ಅತ್ಯುತ್ತಮ ರುಚಿ! 100% ಶುದ್ಧ! ಚಿಕ್ಕಮಗಳೂರಿನ ಅಪ್ಪಟ ಕಾಫಿ, ದಿನವೂ ತಾಜಾ! ಜಿಲ್ಲೆಗೇ ನಂಬರ್ ಒನ್!”

ಸಮಸ್ಯೆ ಎಲ್ಲಿತ್ತು

ಇಂಥ ಬರಹ ಕೈಗೆ ಬಂದಾಗ ನಾನು ಮೊದಲು ಮಾಡುವ ಪರೀಕ್ಷೆ ಸಣ್ಣದು. ಅಂಗಡಿಯ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, ಆ ಜಾಗದಲ್ಲಿ ಪಕ್ಕದ ಅಂಗಡಿಯ ಹೆಸರನ್ನು ಓದಿಕೊಳ್ಳುತ್ತೇನೆ. ಮಾತು ಹಾಗೆಯೇ ಹೊಂದಿಕೊಂಡರೆ ಅದು ಈ ಅಂಗಡಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದರ್ಥ. ಯಜಮಾನರ ಎದುರೇ ಮಾಡಿದೆ. ಹೊಸ ಅಂಗಡಿಯ ಕರಪತ್ರವೂ ಅವರ ಮೇಜಿನ ಮೇಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆಸರು, ಫೋನ್ ನಂಬರ್ ಬಿಟ್ಟು ಉಳಿದದ್ದೆಲ್ಲ ಅದಲು ಬದಲಾದರೂ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಎರಡನೆಯ ತೊಂದರೆ ಕಾನೂನಿನದು. ‘ಅತ್ಯುತ್ತಮ ರುಚಿ’ ಎಂಬಂಥ ಮಾತನ್ನು ವ್ಯಾಪಾರದ ಉತ್ಪ್ರೇಕ್ಷೆ ಎಂದು ಬಹುಪಾಲು ಸಹಿಸಿಕೊಳ್ಳುತ್ತಾರೆ. ‘ನಂಬರ್ ಒನ್’ ಹಾಗಲ್ಲ. ಅದು ಎಣಿಸಿ ಹೇಳಿದ ಹಾಗಿರುವ ಮಾತು, ಯಾರಾದರೂ ಆಧಾರ ಕೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ‘100%’ ಅನ್ನುವುದರ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಮೇ ತಿಂಗಳಲ್ಲಿ ಸಲಹೆ ಹೊರಡಿಸಿ, ಆಹಾರದ ಪೊಟ್ಟಣ ಮತ್ತು ಪ್ರಚಾರದಲ್ಲಿ ಆ ಪದ ಬಳಸಬೇಡಿ ಎಂದಿದೆ. ಈ ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವುದೇ ಚಿಕೋರಿ ಬೆರೆಸಿದ ಪುಡಿ. ಆ ಪೊಟ್ಟಣದ ಪ್ರಚಾರದಲ್ಲಿ ‘100% ಶುದ್ಧ’ ಅಂದರೆ ಯಾವುದು ಶುದ್ಧ?

ಯಜಮಾನರಿಗೆ ಇದು ಮೊದಲಿಗೆ ಹಿಡಿಸಲಿಲ್ಲ. “ಎಲ್ರೂ ಹಾಗೇ ಬರೀತಾರಲ್ಲ ಸಾರ್. ನಾವು ಬರೀದೆ ಹೋದ್ರೆ ನಮ್ಮದು ಅತ್ಯುತ್ತಮ ಅಲ್ಲ ಅಂತ ಆಗಲ್ವಾ?” ಅಂದರು. ಪ್ರಶ್ನೆ ನ್ಯಾಯವಾದದ್ದೇ. ‘ಅತ್ಯುತ್ತಮ’ವನ್ನು ತೆಗೆದು ಆ ಜಾಗ ಖಾಲಿ ಬಿಟ್ಟರೆ ನಷ್ಟವೇ. ಅಲ್ಲಿಗೆ ಏನನ್ನು ತರಬೇಕೆಂಬುದು ನನಗೂ ಆಗ ಗೊತ್ತಿರಲಿಲ್ಲ. ಎರಡು ಬೆಳಗು ಅಂಗಡಿಯಲ್ಲಿ ಸುಮ್ಮನೆ ಕೂತಿರುತ್ತೇನೆ, ಆಮೇಲೆ ಬರೆಯುತ್ತೇನೆ ಅಂದೆ.

ಮೊದಲ ಪ್ರಯತ್ನ, ತಪ್ಪು ದಾರಿ

ಮೊದಲ ಬೆಳಗು ನಾನು ಕೂತದ್ದು ಡ್ರಮ್ ಪಕ್ಕ. ಹುರಿಯುವವರನ್ನು ಕೇಳಿ ಕೇಳಿ ನೋಟ್‌ಬುಕ್ ತುಂಬಿಸಿದೆ. ಪ್ಲಾಂಟೇಶನ್ ಎ, ಪೀಬರಿ, ರೋಬಸ್ಟಾ ಚೆರಿ ಅಂತ ಬೀಜದ ತಳಿ–ದರ್ಜೆ, ಒಂದು ಸಲಕ್ಕೆ ಎಷ್ಟು ಕೆಜಿ, ಎಷ್ಟು ಹೊತ್ತು, ಹುರಿದ ಮೇಲೆ ತೂಕ ಎಷ್ಟು ಇಳಿಯುತ್ತದೆ, ಎಲ್ಲವನ್ನೂ ಬರೆದುಕೊಂಡೆ. ಸಂಜೆ ಕೂತು ಅದನ್ನೆಲ್ಲ ಸೇರಿಸಿ ಒಂದು ಕರಡು ಮಾಡಿದೆ. ಪ್ರತಿ ಸಾಲಿನಲ್ಲೂ ಒಂದು ಅಂಕಿ ಇತ್ತು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ, ನನಗೆ ಬಹಳ ಖುಷಿಯಾಗಿತ್ತು.

ಮರುದಿನ ಗಲ್ಲಾ ಹತ್ತಿರ ನಿಂತು ನಾಲ್ಕು ಜನಕ್ಕೆ ಓದಲು ಕೊಟ್ಟೆ. ದಿನಾ ಬರುವ ನಿವೃತ್ತ ಮೇಷ್ಟರೊಬ್ಬರು ಕನ್ನಡಕ ಏರಿಸಿ ಪೂರ್ತಿ ಓದಿ, “ಯಂತ್ರದ ಜಾಹೀರಾತಾ?” ಅಂತ ಕೇಳಿದರು. ಮಿಕ್ಕ ಮೂವರು ಅರ್ಧಕ್ಕೇ ಮಡಚಿ ಕೊಟ್ಟರು.

ತಪ್ಪು ಎಲ್ಲಿತ್ತೆಂದು ಅಲ್ಲೇ ತಿಳಿಯಿತು. ನಿರ್ದಿಷ್ಟವಾಗಿ ಬರೆದರೆ ಸಾಕು ಅಂದುಕೊಂಡಿದ್ದೆ. ಡ್ರಮ್ಮಿನ ಶಾಖ ಇಷ್ಟು ಡಿಗ್ರಿ ಅಂದರೆ ಅದು ನಿರ್ದಿಷ್ಟವೇನೋ ಹೌದು. ಆದರೆ ಮನೆಯಲ್ಲಿ ಫಿಲ್ಟರ್ ಇಟ್ಟುಕೊಂಡವರು ಅದನ್ನು ಪರೀಕ್ಷಿಸಲಾರರು, ಪರೀಕ್ಷಿಸಿದರೂ ಅವರ ಲೋಟಕ್ಕೆ ಅದರಿಂದ ಆಗುವುದೇನೆಂದು ಗೊತ್ತಿಲ್ಲ. ಅವರ ಪಾಲಿಗೆ ಆ ಅಂಕಿಯೂ ‘ವಿಶ್ವದರ್ಜೆ’ಯಷ್ಟೇ ಪೊಳ್ಳು. ಹಾಗಾಗಿ ನನ್ನ ಪ್ರಶ್ನೆ ಬದಲಾಯಿತು. ‘ಇದು ನಿಜವಾ?’ ಅನ್ನುವುದರ ಜೊತೆಗೆ ‘ಕೊಳ್ಳುವವರು ಇದನ್ನು ತಾವೇ ಹೇಗೆ ನೋಡಿ ತಿಳಿಯುತ್ತಾರೆ?’ ಎಂದು ಕೇಳಿಕೊಳ್ಳತೊಡಗಿದೆ.

ಗಲ್ಲಾ ಹತ್ತಿರದ ಒಂದು ಪ್ರಶ್ನೆ

ಆ ಎರಡನೆಯ ಬೆಳಗು ಹೆಂಗಸೊಬ್ಬರು ಸಿದ್ಧ ಪೊಟ್ಟಣವೊಂದನ್ನು ಹಿಂದುಮುಂದು ತಿರುಗಿಸಿ ನೋಡಿ, “ಇದ್ರಲ್ಲಿ ಚಿಕೋರಿ ಎಷ್ಟು ಹಾಕ್ತೀರಪ್ಪಾ?” ಅಂದರು. ಗಲ್ಲಾ ಹುಡುಗ “ಕಮ್ಮೀನೇ ಹಾಕ್ತೀವಿ ಅಮ್ಮಾ” ಅಂದ. ಅವರು ಪೊಟ್ಟಣವನ್ನು ಇದ್ದಲ್ಲೇ ಇಟ್ಟು ಹೋದರು.

ಉತ್ತರ ಆ ಪೊಟ್ಟಣದ ಹಿಂದೆಯೇ ಅಚ್ಚಾಗಿತ್ತು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಶೇಕಡಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಹೇಳಲೇಬೇಕು ಎಂಬುದು ನಮ್ಮ ಆಹಾರ ನಿಯಮ. ಈ ಅಂಗಡಿ ನಿಯಮ ಪಾಲಿಸಿತ್ತು. ಆದರೆ ಮುಂದುಗಡೆ ‘ವಿಶ್ವದರ್ಜೆ’ಗೆ ಕೊಟ್ಟಿದ್ದ ಜಾಗ ಎರಡು ಅಂಗುಲ, ಹಿಂದುಗಡೆ ‘ಕಾಫಿ 60%, ಚಿಕೋರಿ 40%’ಗೆ ಕೊಟ್ಟಿದ್ದು ಸಾಸಿವೆ ಕಾಳಿನಷ್ಟು. ಜನ ಕೇಳುವ ಮಾತು ಹಿಂದೆ ಅಡಗಿ, ಯಾರೂ ಕೇಳದ ಮಾತು ಮುಂದೆ ಕೂತಿತ್ತು.

ಅದನ್ನು ಮುಂದಕ್ಕೆ ತರೋಣ ಅಂದಾಗ ಯಜಮಾನರು ಸುಮಾರು ಹೊತ್ತು ಒಪ್ಪಲಿಲ್ಲ. ಚಿಕೋರಿ ಅಂದರೆ ಕಲಬೆರಕೆ ಅನ್ನುವ ಭಾವನೆ ಜನರಲ್ಲಿದೆ, ನಾವೇ ಯಾಕೆ ಎತ್ತಿ ಹೇಳಬೇಕು ಅನ್ನುವುದು ಅವರ ಅಂಜಿಕೆ. ಚಿಕೋರಿ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಗೆ ಇಳಿಯುತ್ತದೆ, ಬೆಲೆಯೂ ತಗ್ಗುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅದಿಲ್ಲದ ಕಾಫಿ ನೀರು ನೀರು ಅನಿಸುತ್ತದೆ. ಹೇಳಿ ಬೆರೆಸಿದರೆ ಅದು ಮಿಶ್ರಣ, ಹೇಳದೆ ಬೆರೆಸಿದರೆ ಕಲಬೆರಕೆ. ಹುರಿಯುವವರು ಆ ಹೊತ್ತಿಗೆ ಒಳಗಿಂದ ಬಂದು, “ಹೇಳ್ಬಿಡಿ ಯಜಮಾನ್ರೇ. ತೂಗಿ ಹಾಕೋದು ನಾವಲ್ವಾ? ಭಯ ಯಾಕೆ?” ಅಂದರು. ಅಲ್ಲಿಗೆ ಅದು ತೀರ್ಮಾನವಾಯಿತು.

ಶೇಕಡ ಬಿಟ್ಟು ಗ್ರಾಂನಲ್ಲಿ ಬರೆಯೋಣ ಅಂತ ನಾನು ಹಟ ಹಿಡಿದೆ. ‘60–40’ ಎಂಬುದು ಕೇಳಿ ಕೇಳಿ ಸವೆದ ಮಾತು, ಯಾವುದು ಅರವತ್ತು ಯಾವುದು ನಲವತ್ತು ಎಂದು ಹೊಸಬರಿಗೆ ತಿಳಿಯದು. ‘200 ಗ್ರಾಂ ಪೊಟ್ಟಣದಲ್ಲಿ 120 ಗ್ರಾಂ ಕಾಫಿ, 80 ಗ್ರಾಂ ಚಿಕೋರಿ’ ಅಂದರೆ ಕಣ್ಣಿಗೆ ಕಟ್ಟುತ್ತದೆ.

ಆದರೆ ಇದನ್ನು ಗ್ರಾಹಕರು ನೋಡಿ ತಿಳಿಯುವುದು ಹೇಗೆ? ಬೆರೆತ ಮೇಲೆ ಬೇರೆ ಮಾಡಿ ತೂಗಲಾಗದು. ಉತ್ತರ ಕಣ್ಣೆದುರೇ ಇತ್ತು. ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಕಾಣುವ ಮುಖ ಗಲ್ಲಾ ಹುಡುಗನ ಕಡೆಗಿತ್ತು. ಅದನ್ನು ಗ್ರಾಹಕರ ಕಡೆ ತಿರುಗಿಸಿದೆವು. ಹುಡುಗನಿಗೂ ಕಾಣಬೇಕಲ್ಲ, ಎರಡೂ ಕಡೆ ಅಂಕಿ ತೋರಿಸುವ ತಕ್ಕಡಿಯನ್ನು ಮುಂದಿನ ವಾರ ತಂದರು. ಮೊದಲು ಕಾಫಿ ಸುರಿದು 120 ಬರುವವರೆಗೆ ತೋರಿಸುವುದು, ಅದರ ಮೇಲೆ ಚಿಕೋರಿ ಸುರಿದು 200ಕ್ಕೆ ನಿಲ್ಲಿಸುವುದು. ಜಾಹೀರಾತಿನ ಸಾಲಿಗೆ ಬಲ ಬಂದದ್ದು ಆ ತಕ್ಕಡಿಯಿಂದ. ‘ನಿಮ್ಮ ಕಣ್ಣೆದುರೇ ತೂಗಿ ಬೆರೆಸುತ್ತೇವೆ’ ಎಂಬ ಮಾತು ತಕ್ಕಡಿ ತಿರುಗಿದ ಮೇಲೆ ಬರೆದದ್ದು, ಮೊದಲಲ್ಲ.

‘ದಿನವೂ ತಾಜಾ’ ಬಿದ್ದುಹೋದ ಬಗೆ

ಹಳೆಯ ಕರಪತ್ರದ ಮಾತುಗಳಲ್ಲಿ ಯಜಮಾನರಿಗೆ ಅತಿ ಪ್ರೀತಿಯದು ‘ದಿನವೂ ತಾಜಾ’. ಅದರ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ಹುರಿಯುವವರನ್ನು ಕೇಳಿದೆ, ದಿನಾ ಹುರಿಯುತ್ತೀರಾ? “ದಿನಾ ಡ್ರಮ್ ಹಚ್ತೀವಿ. ಆದ್ರೆ ಒಂದೊಂದು ದಿನ ಒಂದೊಂದು ಬೀಜ. ರೋಬಸ್ಟಾ ನಾಕು ದಿನಕ್ಕೊಂದ್ಸಲ” ಅಂದರು. ಹುರಿದ ಬೀಜವನ್ನು ಅವತ್ತೇ ಬೀಸುವುದೂ ಇಲ್ಲ. ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಿರುತ್ತದೆ, ಒಂದು ರಾತ್ರಿ ಬಿಟ್ಟು ಬೀಸಿದರೆ ರುಚಿ ಕೂರುತ್ತದೆ ಎಂಬುದು ಅವರ ಅನುಭವ. “ಒಂದು ರಾತ್ರಿ ಉಸಿರಾಡ್ಬೇಕು ಸಾರ್ ಅದು” ಅಂದರು. ಅಂದರೆ ‘ಇವತ್ತು ಹುರಿದದ್ದು ಇವತ್ತೇ’ ಎಂಬುದು ನಿಜವೂ ಅಲ್ಲ, ನಿಜವಾಗಿದ್ದರೆ ಹೆಚ್ಚುಗಾರಿಕೆಯೂ ಅಲ್ಲ.

ಪೀಪಾಯಿಗಳ ಮೇಲೆ ತಾರೀಖು ಬರೆದಿರಲಿಲ್ಲ. ಹುರಿಯುವವರ ನೆನಪಿನಿಂದ ಲೆಕ್ಕ ಹಾಕಿದರೆ ಒಂದು ಪೀಪಾಯಿಯ ತಳದ ಪುಡಿಗೆ ಹನ್ನೊಂದು ದಿನ ಆಗಿತ್ತು. ಮೇಲಿನದು ಖಾಲಿಯಾಗುವ ಮೊದಲೇ ಹೊಸದನ್ನು ಸುರಿಯುತ್ತಿದ್ದರಿಂದ ತಳದ್ದು ತಳದಲ್ಲೇ ಉಳಿಯುತ್ತಿತ್ತು. ಮೂಸಿ ನೋಡಿದರೆ ವ್ಯತ್ಯಾಸ ನನ್ನಂಥವನಿಗೂ ಗೊತ್ತಾಗುತ್ತಿತ್ತು. ಯಜಮಾನರ ಮುಖ ಸಣ್ಣದಾಯಿತು. ಅವರು ಬೇಕೆಂದು ಸುಳ್ಳು ಬರೆಸಿದವರಲ್ಲ. ‘ತಾಜಾ’ ಎಂಬ ಪದ ಅಷ್ಟು ಸಡಿಲವಾಗಿತ್ತು, ಅದನ್ನು ಅಳೆದು ನೋಡುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ.

ಇಲ್ಲಿ ಎರಡು ದಾರಿ ಇದ್ದವು. ಮಾತನ್ನು ಬಿಟ್ಟುಬಿಡುವುದು, ಇಲ್ಲವೇ ಮಾತಿಗೆ ತಕ್ಕಂತೆ ಕೆಲಸವನ್ನು ಬದಲಿಸುವುದು. ನಾನು ಮೊದಲನೆಯದನ್ನು ಸೂಚಿಸಿದೆ. ಯಜಮಾನರು ಎರಡನೆಯದನ್ನು ಆರಿಸಿದರು, ಇಡೀ ಕೆಲಸದಲ್ಲಿ ನನಗಿಂತ ಅವರು ಸರಿಯಾಗಿ ಯೋಚಿಸಿದ್ದು ಅಲ್ಲೇ. ಒಂದು ಸಲಕ್ಕೆ ಬೀಸುವ ಪ್ರಮಾಣ ಇಳಿಸಿದರು. ಪೀಪಾಯಿ ಪೂರ್ತಿ ಖಾಲಿಯಾಗಿ ಒರೆಸಿದ ಮೇಲೆಯೇ ಹೊಸದು ಸುರಿಯಬೇಕೆಂದು ಕಟ್ಟು ಮಾಡಿದರು. ಪ್ರತಿ ಪೀಪಾಯಿಗೂ ಒಂದು ಸಣ್ಣ ಸ್ಲೇಟು ಕಟ್ಟಿ ಹುರಿದ ತಾರೀಖು ಬರೆದರು. ಕವರಿನ ಮೇಲೂ ಅದೇ ತಾರೀಖಿನ ಮುದ್ರೆ.

ಮುದ್ರೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಪ್ಯಾಕ್ ಮಾಡಿದ ದಿನ. ತಿಂಗಳ ಹಿಂದೆ ಹುರಿದದ್ದನ್ನು ಇವತ್ತು ಪ್ಯಾಕ್ ಮಾಡಿದರೂ ಅದರ ಮೇಲೆ ಇವತ್ತಿನ ತಾರೀಖೇ ಬೀಳುತ್ತದೆ. ಪರಿಮಳದ ಲೆಕ್ಕ ಶುರುವಾಗುವುದು ಹುರಿದ ದಿನದಿಂದ. ಅದಕ್ಕೇ ‘ಹುರಿದ ದಿನ’ ಎಂದು ಬಿಡಿಸಿ ಬರೆಸಿದೆವು.

ಗಡುವು ಎಷ್ಟು ದಿನ ಇಡಬೇಕೆಂಬುದರಲ್ಲೂ ಚರ್ಚೆಯಾಯಿತು. ಮೂರು ದಿನ ಅಂದರೆ ಓದಲು ಚೆಂದ, ಆದರೆ ಮಳೆಗಾಲದ ಮಂದ ವಾರದಲ್ಲಿ ಅದು ಮುರಿಯುತ್ತಿತ್ತು. ಅತಿ ಕೆಟ್ಟ ವಾರದಲ್ಲೂ ಉಳಿಸಿಕೊಳ್ಳಬಹುದಾದ ಅಂಕಿ ಯಾವುದೆಂದು ಹುರಿಯುವವರನ್ನು ಕೇಳಿದೆವು. ಏಳು ಅಂದರು. ಏಳೇ ಬರೆದೆವು.

ಬಿಟ್ಟ ಎರಡು ಮಾತು

‘ಚಿಕ್ಕಮಗಳೂರಿನ ಅಪ್ಪಟ ಕಾಫಿ’ ಎಂಬುದು ಸಾಲಿನಲ್ಲಿ ಬಹಳ ಚೆನ್ನಾಗಿ ಕೇಳುತ್ತಿತ್ತು. ಬೀಜ ಬರುವುದು ಒಬ್ಬ ವರ್ತಕರಿಂದ. ಅವರ ಗೋದಾಮಿನಲ್ಲಿ ಚಿಕ್ಕಮಗಳೂರಿನದೂ ಇರುತ್ತದೆ, ಸಕಲೇಶಪುರ ಕಡೆಯದೂ ಇರುತ್ತದೆ, ಕೆಲವು ಸಲ ಕೊಡಗಿನದೂ. ಬಿಲ್ಲಿನಲ್ಲಿ ದರ್ಜೆ ಬರೆದಿರುತ್ತದೆ, ಊರು ಬರೆದಿರುವುದಿಲ್ಲ. ಮೇಲಾಗಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾ ಈ ಮೂರಕ್ಕೂ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅಲ್ಲಿಂದಾಚೆ ಆ ಹೆಸರುಗಳನ್ನು ಬರೀ ಅಲಂಕಾರಕ್ಕೆ ಬಳಸುವ ಹಾಗಿಲ್ಲ. ಊರಿನ ಹೆಸರು ನಿರ್ದಿಷ್ಟವಾಗಿ ಕಾಣುತ್ತದೆ, ಆದ್ದರಿಂದಲೇ ಅದು ‘ವಿಶ್ವದರ್ಜೆ’ಗಿಂತ ಅಪಾಯದ್ದು. ಪೊಳ್ಳು ಹೊಗಳಿಕೆಯನ್ನು ಯಾರೂ ಪೂರ್ತಿ ನಂಬುವುದಿಲ್ಲ, ಊರಿನ ಹೆಸರನ್ನು ನಂಬುತ್ತಾರೆ. ದಾಖಲೆ ಇಲ್ಲ, ಹಾಗಾಗಿ ಬಿಟ್ಟೆವು.

ಇನ್ನೊಂದು ಯಜಮಾನರ ತಂಗಿಯ ಮಗನ ಸಲಹೆ. ತಣ್ಣೀರಿನ ಲೋಟದ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತ ಕೆಳಕ್ಕಿಳಿಯುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಿದು. ‘ನೀವೇ ಪರೀಕ್ಷಿಸಿ’ ಎಂದು ಕರಪತ್ರದಲ್ಲಿ ಚಿತ್ರದ ಸಮೇತ ಹಾಕೋಣ ಅಂದ. ಕೊಳ್ಳುವವರೇ ನೋಡಿ ತಿಳಿಯುವ ಮಾತು ಬೇಕೆಂದು ಹುಡುಕುತ್ತಿದ್ದ ನನಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

ಅಚ್ಚಿಗೆ ಕಳಿಸುವ ಮೊದಲು ಗಲ್ಲಾ ಮೇಲೆ ಐದು ಲೋಟ ಇಟ್ಟು ಮಾಡಿ ನೋಡಿದೆವು. ಬರೀ ಕಾಫಿಯ ಪುಡಿ ತೇಲಿತು, ಆದರೆ ನುಣ್ಣಗೆ ಬೀಸಿದ್ದರಲ್ಲಿ ಒಂದಿಷ್ಟು ಸ್ವಲ್ಪ ಹೊತ್ತಿನಲ್ಲೇ ತಳ ಸೇರಿತು. 80–20 ಮತ್ತು 60–40 ಎರಡರಲ್ಲೂ ಕಂದು ಗೆರೆ ಇಳಿಯಿತು, ಯಾವುದು ಯಾವುದೆಂದು ಲೋಟ ನೋಡಿ ಹೇಳಲು ನಮ್ಮಲ್ಲಿ ಯಾರಿಂದಲೂ ಆಗಲಿಲ್ಲ. ಆ ಪರೀಕ್ಷೆ ಚಿಕೋರಿ ಇದೆಯೇ ಎಂದು ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ನಮ್ಮ ಮಾತು ಇದ್ದದ್ದು ಎಷ್ಟು ಎಂಬುದರ ಬಗ್ಗೆ. ಪಕ್ಕದಲ್ಲಿ ಈ ಲೋಟದ ಚಿತ್ರ ಹಾಕಿದರೆ 120 ಗ್ರಾಂ ಎಂಬುದನ್ನೇ ಲೋಟ ಸಾಬೀತು ಮಾಡುತ್ತದೆ ಎಂದು ಓದುವವರು ತಿಳಿಯುತ್ತಿದ್ದರು. ಹುಡುಗನಿಗೆ ಬೇಜಾರಾಯಿತು, ನನಗೂ. ಆದರೂ ಕೈಬಿಟ್ಟೆವು.

ಅಚ್ಚಾದದ್ದು

“ಹುರಿದ ದಿನ ಪೊಟ್ಟಣದ ಮೇಲಿದೆ. ಹುರಿದು ಏಳು ದಿನ ದಾಟಿದ ಪುಡಿಯನ್ನು ಈ ಅಂಗಡಿಯಲ್ಲಿ ಮಾರುವುದಿಲ್ಲ. ಅಂಥದ್ದು ಕೈಗೆ ಬಂದರೆ ವಾಪಸ್ ತನ್ನಿ, ಹೊಸದು ಕೊಡುತ್ತೇವೆ.

200 ಗ್ರಾಂ 60–40 ಪುಡಿಯಲ್ಲಿ 120 ಗ್ರಾಂ ಕಾಫಿ, 80 ಗ್ರಾಂ ಚಿಕೋರಿ. ನಿಮ್ಮ ಕಣ್ಣೆದುರೇ ತೂಗಿ ಬೆರೆಸುತ್ತೇವೆ. ಚಿಕೋರಿ ಬೇಡವೆಂದರೆ ಬರೀ ಕಾಫಿ ಪುಡಿಯೂ ಇದೆ.”

ಕೆಳಗೆ ವಿಳಾಸ, ಹೊತ್ತು. ‘ಈ ಅಂಗಡಿಯಲ್ಲಿ’ ಎಂಬ ಎರಡು ಪದ ಸುಮ್ಮನೆ ಬಂದದ್ದಲ್ಲ. ಕಿರಾಣಿ ಅಂಗಡಿಗಳ ಕಪಾಟಿನಲ್ಲಿ ಕೂತ ಪೊಟ್ಟಣಗಳು ಎಷ್ಟು ದಿನ ಕೂರುತ್ತವೆ ಎಂಬುದು ಯಜಮಾನರ ಕೈಯಲ್ಲಿಲ್ಲ. ಆ ಎರಡು ಪದ ಇಲ್ಲದಿದ್ದರೆ ಇಡೀ ಸಾಲು ಸುಳ್ಳಾಗುತ್ತಿತ್ತು.

ರುಚಿಯ ಬಗ್ಗೆ ಒಂದು ಮಾತೂ ಇಲ್ಲವಲ್ಲ ಎಂದು ಯಜಮಾನರು ಕೊನೆಯವರೆಗೂ ಕೊರಗಿದರು. ರುಚಿಗೆ ಅಳತೆಗೋಲಿಲ್ಲ. ಕರಪತ್ರ ತಂದವರಿಗೆ ಅರ್ಧ ಲೋಟ ಕಾಫಿ ಮಾಡಿ ಕೊಡಿ, ಆ ಮಾತನ್ನು ಅವರೇ ಹೇಳಲಿ ಅಂದೆ. ಒಂದು ತಿಂಗಳು ಹಾಗೇ ಮಾಡಿದರು.

ಆಮೇಲೆ ಏನಾಯಿತು

ಮಾರಾಟ ಇಷ್ಟು ಏರಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಕರಪತ್ರ ಹಂಚಿದ್ದು ದೀಪಾವಳಿಯ ಹೊತ್ತಿನಲ್ಲಿ, ಆಗ ಪ್ರತಿ ವರ್ಷವೂ ವ್ಯಾಪಾರ ಏರುತ್ತದೆ. ಅದೇ ಸಮಯಕ್ಕೆ ಬೀಜದ ದರವೂ ಹೆಚ್ಚಿ ಪುಡಿಯ ಬೆಲೆ ಬದಲಾಯಿತು. ಏರಿದ್ದರಲ್ಲಿ ಜಾಹೀರಾತಿನ ಪಾಲು ಎಷ್ಟೆಂದು ಬೇರೆ ಮಾಡಿ ಹೇಳಲು ನಮ್ಮಲ್ಲಿ ದಾರಿಯಿರಲಿಲ್ಲ.

ಕಣ್ಣಿಗೆ ಕಂಡದ್ದನ್ನು ಹೇಳಬಲ್ಲೆ. ಜನ ಪೊಟ್ಟಣ ಕೈಗೆತ್ತಿಕೊಂಡರೆ ತಾರೀಖು ಹುಡುಕತೊಡಗಿದರು. ತಕ್ಕಡಿ ನೋಡುತ್ತ ನಿಂತವರು “ಇನ್ನೊಂದಿಪ್ಪತ್ತು ಗ್ರಾಂ ಕಾಫಿ ಜಾಸ್ತಿ ಮಾಡಿ” ಎಂದು ತಮ್ಮ ಅಳತೆ ತಾವೇ ಹೇಳಲು ಶುರು ಮಾಡಿದರು. ವರ್ಷಗಟ್ಟಲೆ 60–40 ಒಯ್ಯುತ್ತಿದ್ದ ಕೆಲವರು 80–20ಕ್ಕೆ ಬದಲಾದರು. ಎಂಬತ್ತು ಗ್ರಾಂ ಚಿಕೋರಿಯಾ ಎಂದು ಬೇಸರಪಟ್ಟು ಬರುವುದನ್ನೇ ಬಿಟ್ಟವರೂ ಇದ್ದಾರೆ, ಅವರಲ್ಲೊಬ್ಬರು ಯಜಮಾನರ ಹಳೆಯ ಸ್ನೇಹಿತರು. ಯಜಮಾನರ ಅಂಜಿಕೆ ಪೂರ್ತಿ ಸುಳ್ಳಾಗಲಿಲ್ಲ.

ಮೂರನೆಯ ವಾರ ಒಬ್ಬರು ಪೊಟ್ಟಣ ಹಿಡಿದು ಬಂದರು. ಹುರಿದ ದಿನಕ್ಕೂ ಕೊಂಡ ದಿನಕ್ಕೂ ಒಂಬತ್ತು ದಿನದ ಅಂತರ. ಗಲ್ಲಾ ಹುಡುಗ ಹಳೆಯದನ್ನು ಹಿಂದಕ್ಕೆ ಸರಿಸಿಟ್ಟು ಮರೆತಿದ್ದ. ಅಂಗಡಿಯಲ್ಲಿ ಆರೇಳು ಜನ ಇದ್ದರು. ಯಜಮಾನರು ವಾದ ಮಾಡದೆ ಹೊಸದನ್ನು ತೂಗಿ ಕೊಟ್ಟು, ಹಳೆಯದನ್ನು ಅವರೆದುರೇ ಕಸದ ಬುಟ್ಟಿಗೆ ಸುರಿದರು. ಬಂದವರಿಗೆ ದೂರಲು ಒಂದು ತಾರೀಖು ಸಿಕ್ಕಿತ್ತು, ಅಂಗಡಿಗೆ ತಪ್ಪು ತಿದ್ದಿಕೊಳ್ಳಲು ಅದೇ ತಾರೀಖು ಸಿಕ್ಕಿತು. ‘ದಿನವೂ ತಾಜಾ’ ಎಂದಿದ್ದ ಕಾಲದಲ್ಲಿ ಇಂಥ ದೂರು ಒಂದೂ ಬಂದಿರಲಿಲ್ಲ. ಹನ್ನೊಂದು ದಿನದ ಪುಡಿ ಆಗಲೂ ಮಾರಾಟವಾಗುತ್ತಿತ್ತು, ಹಿಡಿಯಲು ಯಾರ ಬಳಿಯೂ ಏನೂ ಇರಲಿಲ್ಲ ಅಷ್ಟೇ.

ಮತ್ತೆ ಮಾಡಬೇಕಾಗಿ ಬಂದರೆ ಒಂದನ್ನು ಬೇರೆ ಥರ ಮಾಡುತ್ತೇನೆ. ಕರಪತ್ರ ಅಚ್ಚಾಗುವ ಮೊದಲು ಒಂದು ತಿಂಗಳು ಏಳು ದಿನದ ಕಟ್ಟನ್ನು ಯಾರಿಗೂ ಹೇಳದೆ ನಡೆಸಿ ನೋಡಿ ಅನ್ನುತ್ತೇನೆ. ಆ ಒಂಬತ್ತು ದಿನದ ಪೊಟ್ಟಣ ಆಗಲೇ ಸಿಕ್ಕಿಬೀಳುತ್ತಿತ್ತು, ಗ್ರಾಹಕರ ಕೈಗೆ ಹೋಗುತ್ತಿರಲಿಲ್ಲ.

ಕಿರಾಣಿ ಅಂಗಡಿಗಳಿಗೆ ಹೋಗುವ ಪೊಟ್ಟಣಗಳ ಮೇಲಿಂದಲೂ ‘ವಿಶ್ವದರ್ಜೆ’ ಹೋಗಿದೆ, ಹುರಿದ ದಿನದ ಮುದ್ರೆ ಬಂದಿದೆ. ಆ ಮುದ್ರೆ ನೋಡಿ ಇಬ್ಬರು ಕಿರಾಣಿಯವರು “ಹಳೇ ತಾರೀಖಿಂದು ಯಾರೂ ಮುಟ್ಟಲ್ಲ, ಮುದ್ರೆ ಬೇಡ” ಎಂದು ತಕರಾರು ಮಾಡಿದರು. ಯಜಮಾನರು ಮುದ್ರೆ ತೆಗೆಯಲಿಲ್ಲ. ತಿಂಗಳಿಗೊಮ್ಮೆ ಕಳಿಸುತ್ತಿದ್ದುದನ್ನು ಹತ್ತು ದಿನಕ್ಕೊಮ್ಮೆ ಮಾಡಿ, ಪ್ರತಿ ಸಲ ಕಡಿಮೆ ಪೊಟ್ಟಣ ಕಳಿಸುತ್ತಿದ್ದಾರೆ. ಸಾಗಣೆ ಖರ್ಚು ಏರಿದೆ. ಅದನ್ನು ಎಷ್ಟು ದಿನ ನಿಭಾಯಿಸಲಾಗುತ್ತದೋ ನೋಡಬೇಕು ಎಂದು ಹೋದ ವಾರ ಫೋನಿನಲ್ಲಿ ಹೇಳಿದರು.